ಹಗ್ಗ ಎಳೆದರೂ ಸ್ಟಾರ್ಟ್ ಆಗದ ವೀಡ್ ಕಟರ್: ಒಂದು ರಿಪೇರಿ ಅಂಗಡಿಯ 30 ಸೆಕೆಂಡಿನ ಜಾಹೀರಾತು

ಕೊಡಗಿನ ಗೋಣಿಕೊಪ್ಪಲಿನ ಒಂದು ಸಣ್ಣ ರಿಪೇರಿ ಅಂಗಡಿ. ಮೆಕ್ಯಾನಿಕ್ ಒಬ್ಬರು, ಜೊತೆಗೆ ಒಬ್ಬ ಹುಡುಗ. ವೀಡ್ ಕಟರ್, ಚೈನ್ ಸಾ, ಸ್ಪ್ರೇಯರ್, ಪಂಪ್‌ಸೆಟ್ ಎಲ್ಲವೂ ಅಲ್ಲಿಗೆ ಬರುತ್ತವೆ. ಮಳೆ ಬಿಡುವು ಕೊಡುವ ಹೊತ್ತಿಗೆ, ಅಂದರೆ ಸೆಪ್ಟೆಂಬರ್ ಆರಂಭದ ಕೈಲ್‌ಪೊಳ್ದ್ ಹಬ್ಬದ ಆಸುಪಾಸಿನಲ್ಲಿ, ಕಾಫಿ ತೋಟಗಳಲ್ಲಿ ಕಾಡು, ಅಂದರೆ ಕಳೆ, ಕಡಿಯುವ ಕೆಲಸ ಶುರುವಾಗುತ್ತದೆ. ಆಗ ವೀಡ್ ಕಟರ್‌ಗಳು ಒಮ್ಮೆಲೇ ಹೊರಬರುತ್ತವೆ. ಅವುಗಳಲ್ಲಿ ಹಲವು ಸ್ಟಾರ್ಟೇ ಆಗುವುದಿಲ್ಲ. ಅದಕ್ಕೆ ಮೊದಲೇ ವಾಟ್ಸ್‌ಆ್ಯಪ್ ಸ್ಟೇಟಸ್, ಊರಿನ ಗ್ರೂಪುಗಳು, ಇನ್‌ಸ್ಟಾಗ್ರಾಂ ರೀಲ್‌ಗಳಲ್ಲಿ ಹಂಚಲು 30 ಸೆಕೆಂಡಿನ ಒಂದು ವಿಡಿಯೋ ಬೇಕಿತ್ತು. ಸಲಕರಣೆ ಒಂದು ಫೋನ್ ಮಾತ್ರ. ಅದರ ಸ್ಕ್ರಿಪ್ಟ್ ಮೊದಲು ಹೇಗಿತ್ತು, ಏಕೆ ಬದಲಾಯಿತು, ಕೊನೆಗೆ ಎಲ್ಲಿ ನಿಂತಿತು ಎನ್ನುವುದನ್ನು ಇಲ್ಲಿ ಪೂರ್ತಿ ಬಿಡಿಸಿ ಬರೆದಿದ್ದೇವೆ. ಅಂಗಡಿಯ ಗುರುತು ಸಿಗದಂತೆ ವಿಳಾಸವನ್ನು ಬದಲಿಸಿದ್ದೇವೆ.

ಮೊದಲ ಕರಡು

ಅಂಗಡಿಯವರು ತಾವೇ ಬರೆದುಕೊಂಡಿದ್ದ ಮಾತು ಹೀಗಿತ್ತು:

"ನಮಸ್ಕಾರ. ಹನ್ನೆರಡು ವರ್ಷಗಳಿಂದ ನಿಮ್ಮ ಸೇವೆಯಲ್ಲಿದ್ದೇವೆ. ನಮ್ಮಲ್ಲಿ ವೀಡ್ ಕಟರ್, ಚೈನ್ ಸಾ, ಸ್ಪ್ರೇಯರ್, ಪಂಪ್‌ಸೆಟ್, ಜನರೇಟರ್, ಎಲ್ಲ ಕಂಪನಿಯ ಯಂತ್ರಗಳನ್ನು ನುರಿತ ಮೆಕ್ಯಾನಿಕ್‌ಗಳಿಂದ ಕಡಿಮೆ ದರದಲ್ಲಿ ರಿಪೇರಿ ಮಾಡಿಕೊಡಲಾಗುತ್ತದೆ. ಒರಿಜಿನಲ್ ಬಿಡಿಭಾಗಗಳು ದೊರೆಯುತ್ತವೆ. ಒಮ್ಮೆ ಭೇಟಿ ಕೊಡಿ. ಸಂಪರ್ಕಿಸಿ..." ಆಮೇಲೆ ಹತ್ತು ಅಂಕಿಯ ಫೋನ್ ನಂಬರ್.

ಇದು ಉದ್ದವಾಯಿತು ಎಂದು ಯಾರಿಗಾದರೂ ಅನ್ನಿಸಬಹುದು. ಆದರೆ ಲೆಕ್ಕ ಹಾಕಿದರೆ ಉದ್ದವಲ್ಲ. ಕನ್ನಡದಲ್ಲಿ ಮಾತಿನ ಅವಧಿಯನ್ನು ಪದ ಎಣಿಸಿ ಅಂದಾಜು ಮಾಡುವುದು ಕಷ್ಟ. "ಕೈ" ಕೂಡ ಒಂದು ಪದ, "ಮಾಡಿಕೊಡಲಾಗುತ್ತದೆ" ಕೂಡ ಒಂದು ಪದ. ಅಕ್ಷರ ಎಣಿಸಬೇಕು. ಒತ್ತಕ್ಷರವನ್ನು ಒಂದೇ ಎಂದು ಹಿಡಿಯಬೇಕು, ಪದದ ಕೊನೆಯ ಅರ್ಧಾಕ್ಷರವನ್ನು ಹಿಂದಿನದಕ್ಕೆ ಸೇರಿಸಬೇಕು. ಅವಸರವಿಲ್ಲದೆ, ನಡುನಡುವೆ ಉಸಿರು ತೆಗೆದುಕೊಂಡು ಮಾತಾಡುವವರಿಗೆ ಸೆಕೆಂಡಿಗೆ ಸುಮಾರು ಐದು ಅಕ್ಷರ ಸಲ್ಲುತ್ತದೆ. ಈ ಕರಡಿನಲ್ಲಿ ನಂಬರ್ ಬಿಟ್ಟು ಸರಿಯಾಗಿ 100 ಅಕ್ಷರಗಳಿವೆ. ಅಂಕಿಗಳನ್ನು ಒಂದೊಂದಾಗಿ ಓದಿದರೆ ಇನ್ನೂ 25ರಷ್ಟು ಸೇರುತ್ತವೆ. ಒಟ್ಟು 25 ಸೆಕೆಂಡಿನಲ್ಲಿ ಮುಗಿಯುತ್ತದೆ.

ತೊಂದರೆ ಇದ್ದದ್ದು ಬೇರೆ ಕಡೆ. ಈ ಕರಡಿನ ಒಂದು ವಾಕ್ಯವನ್ನೂ ಫೋನಿನಲ್ಲಿ ತೋರಿಸಲು ಬರುವುದಿಲ್ಲ. "ನುರಿತ" ಎನ್ನುವುದನ್ನು ಎಲ್ಲಿಂದ ಚಿತ್ರೀಕರಿಸುವುದು? "ಕಡಿಮೆ ದರ" ಹೇಗೆ ಕಾಣುತ್ತದೆ? ಚಿತ್ರಕ್ಕೆ ಏನೂ ಸಿಗದೆ, ಅಂಗಡಿಯ ಬೋರ್ಡು, ಸಾಲಾಗಿ ನಿಲ್ಲಿಸಿದ ಮೆಷಿನ್‌ಗಳು, ಕೈಮುಗಿದು ನಿಂತ ಮೆಕ್ಯಾನಿಕ್, ಇಷ್ಟರಲ್ಲೇ ವಿಡಿಯೋ ಮುಗಿಯುತ್ತಿತ್ತು. ರೇಡಿಯೋ ಪ್ರಕಟಣೆಗೆ ಹೊಂದುವ ಮಾತು ಇದು. ಅದರಲ್ಲೂ "ಒರಿಜಿನಲ್ ಬಿಡಿಭಾಗ" ಎಂಬ ಮಾತು ಅಪಾಯದ್ದು. ಈ ಅಂಗಡಿ ಹಾಕುವ ಕಾರ್ಬುರೇಟರಿನ ಡಯಾಫ್ರಮ್ ಕಿಟ್‌ಗಳಲ್ಲಿ ಹಲವು ಆ ಮೆಷಿನ್‌ಗೆ ಹೊಂದುವ ಬೇರೆ ತಯಾರಿಕೆಯವು. ಕೆಲಸ ಚೆನ್ನಾಗಿಯೇ ಮಾಡುತ್ತವೆ, ಆದರೆ ಅವನ್ನು ಒರಿಜಿನಲ್ ಎನ್ನಬಾರದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಸರಕು ಅಥವಾ ಸೇವೆಯ ಗುಣದ ಬಗ್ಗೆ ಸುಳ್ಳು ಹೇಳುವ ಜಾಹೀರಾತು ದಾರಿ ತಪ್ಪಿಸುವ ಜಾಹೀರಾತಾಗುತ್ತದೆ. ಅದು ವಾಟ್ಸ್‌ಆ್ಯಪ್‌ನಲ್ಲಿ ಹೋದರೂ ಅಷ್ಟೆ. ಆ ವಾಕ್ಯವನ್ನು ಮೊದಲೇ ತೆಗೆದುಹಾಕಲಾಯಿತು.

ಯಾರಿಗೆ, ಯಾವ ಒಂದು ಕೆಲಸಕ್ಕೆ

ಅಂಗಡಿಗೆ ಬರುವ ಗಿರಾಕಿಯ ನಿಜವಾದ ಚಿಂತೆ ದರವಲ್ಲ, ದಾರಿ. ತೋಟ ಇರುವುದು ಬಾಳೆಲೆ, ಶ್ರೀಮಂಗಲ, ಸಿದ್ದಾಪುರದ ಕಡೆ ಒಳಗೆಲ್ಲೋ. ಮೆಷಿನ್ ಹೊತ್ತು ತರುವುದಕ್ಕೆ ಜೀಪೋ ಆಟೋವೋ ಬೇಕು. ತಂದ ಮೇಲೆ "ಪಾರ್ಟ್ಸ್ ಇಲ್ಲ, ಮುಂದಿನ ವಾರ ಬನ್ನಿ" ಎಂದರೆ ಬಂದ ದಾರಿ ದಂಡ. ತೋಟದಲ್ಲಿ ಆಳುಗಳು ಕೆಲಸವಿಲ್ಲದೆ ನಿಲ್ಲುತ್ತಾರೆ. ಜೊತೆಗೆ, ವಿಡಿಯೋ ನೋಡುವವರು ಎಲ್ಲ ಸಲವೂ ಮಾಲೀಕರಲ್ಲ. ಮಾಲೀಕರು ಬೆಂಗಳೂರಿನಲ್ಲಿದ್ದರೆ ಮೆಷಿನ್ ನೋಡಿಕೊಳ್ಳುವುದು ತೋಟದ ಮೇಲ್ವಿಚಾರಣೆ ಮಾಡುವ ರೈಟರ್. ಹಗ್ಗ ಎಳೆದು ತೋಳು ನೋಯಿಸಿಕೊಂಡವರೂ ಅಲ್ಲೇ ಇರುತ್ತಾರೆ.

ಹಾಗಾಗಿ ಜಾಹೀರಾತು ಕೇಳಬೇಕಾದದ್ದು ಒಂದೇ: ಮೆಷಿನ್ ತರುವ ಮೊದಲು ಅದರ ವಿಡಿಯೋ ಕಳಿಸಿ. ಕೇಳುವವರಿಗೆ ಖರ್ಚಿಲ್ಲ, ಅಂಗಡಿಯವರಿಗೆ ಯಾವ ಪಾರ್ಟ್ಸ್ ತರಿಸಿಡಬೇಕು ಎಂದು ಮುಂಚೆ ತಿಳಿಯುತ್ತದೆ. "ಒಮ್ಮೆ ಭೇಟಿ ಕೊಡಿ" ಎನ್ನುವುದಕ್ಕಿಂತ ಇದು ಎಷ್ಟೋ ಮೇಲು ಎಂಬುದು ನಮ್ಮ ಖಚಿತ ಅಭಿಪ್ರಾಯ.

ತೋರಿಸಲು ಒಂದೇ ದೋಷ ಆರಿಸಿಕೊಳ್ಳಬೇಕಿತ್ತು. ಮಳೆಗಾಲ ಮುಗಿದ ಮೇಲೆ ಟೂ ಸ್ಟ್ರೋಕ್ ವೀಡ್ ಕಟರ್ ಸ್ಟಾರ್ಟ್ ಆಗದಿರಲು ದೊಡ್ಡ ಕಾರಣ ಟ್ಯಾಂಕಿನಲ್ಲಿ ಉಳಿದ ಪೆಟ್ರೋಲು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ. ಎಥನಾಲ್ ತೇವ ಹೀರುತ್ತದೆ, ಕೊಡಗಿನ ಮಳೆಗಾಲದಲ್ಲಿ ತೇವಕ್ಕೆ ಬರವಿಲ್ಲ. ಪೆಟ್ರೋಲು ಆರುತ್ತ ಹೋದಂತೆ ಅಂಟು ಉಳಿದು ಕಾರ್ಬುರೇಟರಿನ ಸಣ್ಣ ತೂತುಗಳು ಕಟ್ಟಿಕೊಳ್ಳುತ್ತವೆ. ಒಳಗಿರುವ ಡಯಾಫ್ರಮ್, ಅಂದರೆ ತೆಳ್ಳನೆಯ ರಬ್ಬರ್ ಪೊರೆ, ಮೆದುವಾಗಿರುವ ಬದಲು ಸೆಟೆದುಕೊಳ್ಳುತ್ತದೆ. ಎಂಜಿನ್ನು ಎಳೆದುಕೊಳ್ಳುವ ಗಾಳಿಗೆ ಆ ಪೊರೆ ಮಿಡಿದರೆ ಮಾತ್ರ ಪೆಟ್ರೋಲು ಒಳಗೆ ಬರುತ್ತದೆ. ಅದು ಗಟ್ಟಿಯಾದರೆ ಎಷ್ಟು ಎಳೆದರೂ ಪ್ರಯೋಜನವಿಲ್ಲ.

ವಿಡಿಯೋಕ್ಕೆ ಈ ದೋಷ ಹೇಳಿ ಮಾಡಿಸಿದ್ದು, ಏಕೆಂದರೆ ಇದು ಕಣ್ಣಿಗೆ ಕಾಣುತ್ತದೆ. ಹಳೆಯ ಪೊರೆ, ಹೊಸ ಪೊರೆ ಪಕ್ಕಪಕ್ಕದಲ್ಲಿಟ್ಟು ಬೆರಳಿನಿಂದ ಒತ್ತಿದರೆ ವ್ಯತ್ಯಾಸ ಒಂದೇ ಕ್ಷಣದಲ್ಲಿ ತಿಳಿಯುತ್ತದೆ. ಕಿವಿಗೂ ಕೇಳುತ್ತದೆ: ಮೊದಲು ಹಗ್ಗದ ಬರಿಯ ಸದ್ದು, ಕೊನೆಗೆ ಎಂಜಿನ್ನಿನ ಸದ್ದು. ಪಿಸ್ಟನ್ ಹಿಡಿದುಕೊಂಡದ್ದು ಇದಕ್ಕಿಂತ ದೊಡ್ಡ ಕೆಲಸ, ಆದರೆ 30 ಸೆಕೆಂಡಿನಲ್ಲಿ ಅದನ್ನು ಯಾರಿಗೂ ಅರ್ಥ ಮಾಡಿಸಲಾಗದು.

ಕೊನೆಯ ಸ್ಕ್ರಿಪ್ಟ್

0–3 ಸೆಕೆಂಡ್. ಸ್ಟಾರ್ಟರ್ ಹಗ್ಗದ ಮೇಲೆ ಕೈ, ಹತ್ತಿರದಿಂದ. ಎರಡು ಸಲ ಎಳೆಯುತ್ತಾರೆ, ಸ್ಟಾರ್ಟ್ ಆಗುವುದಿಲ್ಲ. ಮಾತಿಲ್ಲ, ಹಗ್ಗದ ಸದ್ದು ಮಾತ್ರ.

3–5 ಸೆಕೆಂಡ್. ಮತ್ತೊಮ್ಮೆ ಎಳೆದು ಕೈ ಬಿಡುತ್ತಾರೆ. ಮಾತು: "ಎಳೆದೂ ಎಳೆದೂ ಕೈ ಸೋತು ಹೋಯ್ತಾ?"

5–12 ಸೆಕೆಂಡ್. ಬಿಚ್ಚಿದ ಕಾರ್ಬುರೇಟರ್, ಪಕ್ಕದಲ್ಲಿ ಹಳೆಯ ಮತ್ತು ಹೊಸ ಪೊರೆ. ಬೆರಳು ಎರಡನ್ನೂ ಒತ್ತುತ್ತದೆ. ಮಾತು: "ಮಳೆಗಾಲ ಪೂರ್ತಿ ಹಳೇ ಪೆಟ್ರೋಲು ಒಳಗೇ ಉಳಿದರೆ, ಕಾರ್ಬುರೇಟರಿನ ಈ ಪೊರೆ ಹೀಗೆ ಗಟ್ಟಿಯಾಗುತ್ತೆ."

12–15 ಸೆಕೆಂಡ್. ಹೊಸ ಪೊರೆ ಕೂರಿಸಿ ಸ್ಕ್ರೂ ಬಿಗಿಯುವುದು. ಮಾತು: "ತೊಳೆದು, ಪೊರೆ ಬದಲಿಸಿದ ಮೇಲೆ, ಕೇಳಿ."

15–19 ಸೆಕೆಂಡ್. ಅದೇ ಮೆಷಿನ್, ಅಂಗಡಿಯ ಹೊರಗೆ. ಒಂದೇ ಎಳೆತಕ್ಕೆ ಸ್ಟಾರ್ಟ್. ಮಾತಿಲ್ಲ.

19–27.5 ಸೆಕೆಂಡ್. ಮೆಕ್ಯಾನಿಕ್ ಫೋನಿನಲ್ಲಿ ಗಿರಾಕಿಯ ವಿಡಿಯೋ ನೋಡುತ್ತಿದ್ದಾರೆ, ನಂಬರ್ ಪರದೆಯ ಮೇಲೆ ಬರುತ್ತದೆ. ಮಾತು: "ಮೆಷಿನ್ ತರೋಕೆ ಮೊದಲು, ಹಗ್ಗ ಎಳೆಯೋ ವಿಡಿಯೋ ವಾಟ್ಸ್‌ಆ್ಯಪ್ ಮಾಡಿ. ಏನಾಗಿರಬಹುದು, ಎಷ್ಟಾಗಬಹುದು, ಯಾವತ್ತು ತರಬೇಕು, ಹೇಳ್ತೇವೆ."

27.5–29.5 ಸೆಕೆಂಡ್. ಅಂಗಡಿಯ ಮುಂಭಾಗ, ನಂಬರ್ ಹಾಗೆಯೇ ಇದೆ. ಮಾತು: "ಗೋಣಿಕೊಪ್ಪಲು, ಬಸ್ ಸ್ಟ್ಯಾಂಡ್ ಹಿಂದೆ."

ಐದು ಮಾತುಗಳ ಅಕ್ಷರ ಕ್ರಮವಾಗಿ 11, 34, 14, 43, 9. ಒಟ್ಟು 111, ಅಂದರೆ 22 ಸೆಕೆಂಡಿನಷ್ಟು ಮಾತು. ಉಳಿದ ಏಳು ಸೆಕೆಂಡ್ ಮೆಷಿನ್‌ನ ಸದ್ದಿಗೆ. ಆ ಏಳು ಸೆಕೆಂಡಿನಲ್ಲಿ ಇನ್ನೊಂದು ವಾಕ್ಯ ತುರುಕಬೇಕು ಎಂದು ಎಲ್ಲ ಅಂಗಡಿಯವರಿಗೂ ಅನ್ನಿಸುತ್ತದೆ. ಬೇಡ. ಸ್ಟಾರ್ಟ್ ಆಗದ ಹಗ್ಗದ ಸದ್ದು ಕೇಳಿದ ತಕ್ಷಣ ತೋಟದವರು ಬೆರಳು ನಿಲ್ಲಿಸಿ ನೋಡುತ್ತಾರೆ. "ನಮಸ್ಕಾರ" ಕೇಳಿದರೆ ಮುಂದಕ್ಕೆ ಸರಿಸುತ್ತಾರೆ.

"ಏನಾಗಿದೆ, ಎಷ್ಟಾಗುತ್ತೆ" ಎಂದು ಬರೆದಿದ್ದರೆ ಐದು ಅಕ್ಷರ ಉಳಿಯುತ್ತಿತ್ತು. "ಬಹುದು" ಬೇಕೆಂದೇ ಇಟ್ಟಿದ್ದು. ವಿಡಿಯೋ ನೋಡಿ ಹೇಳುವುದು ಅಂದಾಜು. ಬಿಚ್ಚಿದಾಗ ಬೇರೆ ಕಂಡರೆ "ಮೊದಲು ಹಾಗೆ ಹೇಳಿದ್ದಿರಲ್ಲ" ಎಂಬ ಜಗಳಕ್ಕೆ ದಾರಿಯಾಗಬಾರದು. ಅದೇ ಕಾರಣಕ್ಕೆ "ಒಂದೇ ದಿನದಲ್ಲಿ" ಎಂಬ ಮಾತನ್ನೂ ಸೇರಿಸಲಿಲ್ಲ. ಕಿಟ್ ಅಂಗಡಿಯಲ್ಲಿದ್ದರೆ ಕೆಲಸ ಅಂದೇ ಮುಗಿಯುತ್ತದೆ, ಇಲ್ಲದಿದ್ದರೆ ಇಲ್ಲ.

ನಂಬರನ್ನು ಬಾಯಲ್ಲಿ ಹೇಳಿಸಲಿಲ್ಲ. ಹತ್ತು ಅಂಕಿ ಓದಲು ಐದು ಸೆಕೆಂಡ್ ಬೇಕು, ಕೇಳಿ ಬರೆದುಕೊಳ್ಳುವವರು ಯಾರೂ ಇಲ್ಲ. ಬದಲಾಗಿ ಅದು ಪರದೆಯ ಮೇಲೆ ಹತ್ತು ಸೆಕೆಂಡ್ ನಿಲ್ಲುತ್ತದೆ, ಐದೈದು ಅಂಕಿಯ ಎರಡು ಗುಂಪಾಗಿ. ವಿಡಿಯೋ ಒಳಗಿನ ನಂಬರನ್ನು ಒತ್ತಿ ಕರೆ ಮಾಡಲು ಆಗುವುದಿಲ್ಲವಾದ್ದರಿಂದ, ಜೊತೆಗೆ ಕಳಿಸುವ ಬರಹದಲ್ಲಿ ಒತ್ತಿದರೆ ತೆರೆಯುವ ಕೊಂಡಿಯೂ ಬೇಕು:

```
https://wa.me/91XXXXXXXXXX?text=Weed%20cutter%20video
```

91ರ ಮೊದಲು ಪ್ಲಸ್ ಗುರುತು ಬೇಡ, ನಂಬರಿನ ಮೊದಲು ಸೊನ್ನೆಯೂ ಬೇಡ. ಈ ಕೊಂಡಿ ಒತ್ತಿದವರ ಫೋನಿನಲ್ಲಿ "Weed cutter video" ಎಂಬ ಸಂದೇಶ ಸಿದ್ಧವಾಗಿ ಬರುತ್ತದೆ, ಕಳಿಸಿದರೆ ಸಾಕು. ಜಾಹೀರಾತು ನೋಡಿ ಬಂದವರು ಯಾರು, ಬೇರೆ ರೀತಿ ಬಂದವರು ಯಾರು ಎಂದು ಅಂಗಡಿಯವರಿಗೆ ಬೇರೆ ಲೆಕ್ಕವಿಲ್ಲದೆ ತಿಳಿಯುತ್ತದೆ. ವಿಡಿಯೋ ಕೈಯಿಂದ ಕೈಗೆ ದಾಟುವಾಗ ಬರಹ ಕಳಚಿಹೋಗಬಹುದು. ಆದ್ದರಿಂದ ಎರಡೂ ಕಡೆ ನಂಬರ್ ಇರಬೇಕು.

ಚಿತ್ರೀಕರಣ

ಫೋನನ್ನು ಉದ್ದಕ್ಕೇ ಹಿಡಿಯಬೇಕು, ಕೊನೆಯವರೆಗೂ ಹಾಗೆಯೇ. ಮೊದಲು ಮುಗಿಸಬೇಕಾದದ್ದು ಸ್ಟಾರ್ಟ್ ಆಗದ ದೃಶ್ಯ, ಏಕೆಂದರೆ ರಿಪೇರಿ ಆದ ಮೇಲೆ ಅದು ಮತ್ತೆ ಸಿಗುವುದಿಲ್ಲ. ಕೆಲವರು ಸ್ವಿಚ್ ಆಫ್ ಮಾಡಿಟ್ಟು ಹಗ್ಗ ಎಳೆದು ತೋರಿಸುತ್ತಾರೆ. ಹಾಗೆ ಮಾಡಬಾರದು. ಮೆಷಿನ್ ಬಳಸುವವರ ಕಣ್ಣು ಮೊದಲು ಹೋಗುವುದು ಸ್ವಿಚ್ಚಿಗೇ. ಕೊನೆಗೆ ಸ್ಟಾರ್ಟ್ ಆಗುವುದೂ ಅದೇ ಮೆಷಿನ್ ಆಗಿರಬೇಕು. ಹ್ಯಾಂಡಲ್ಲಿನ ಗೀರು, ಟ್ಯಾಂಕಿನ ಬಣ್ಣ ಬೇರೆಯಾಗಿದ್ದರೆ ಗೊತ್ತಾಗುತ್ತದೆ. ಗಿರಾಕಿಯ ಮೆಷಿನ್ ಆದ್ದರಿಂದ ಅವರ ಒಪ್ಪಿಗೆ ಪಡೆದು, ಅದರ ಮೇಲೆ ಬರೆದ ತೋಟದ ಹೆಸರನ್ನು ಟೇಪಿನಿಂದ ಮುಚ್ಚಲಾಯಿತು.

ಹೆಚ್ಚು ತೊಂದರೆ ಕೊಟ್ಟದ್ದು ಪೊರೆಯ ದೃಶ್ಯ. ಪೊರೆ ಚಿಕ್ಕದು ಎಂದು ಫೋನನ್ನು ತೀರ ಹತ್ತಿರ ತಂದರೆ ಫೋಕಸ್ ಹಿಡಿಯುವುದಿಲ್ಲ, ಫೋನಿನ ನೆರಳೂ ಅದರ ಮೇಲೆ ಬೀಳುತ್ತದೆ. ಒಂದು ಗೇಣಿನಷ್ಟು ಹಿಂದೆ ಸರಿದು 2x ಜೂಮ್ ಮಾಡಿದರೆ ಸರಿಯಾಗುತ್ತದೆ. ಪರದೆಯ ಮೇಲೆ ಬೆರಳು ಒತ್ತಿ ಹಿಡಿದರೆ ಬಹಳಷ್ಟು ಫೋನುಗಳಲ್ಲಿ ಫೋಕಸ್ ಲಾಕ್ ಆಗುತ್ತದೆ, ಆಮೇಲೆ ಬೆರಳು ಅಡ್ಡ ಬಂದರೂ ಚಿತ್ರ ಮಂಜಾಗುವುದಿಲ್ಲ. ಬಿಳಿ ಕಾಗದದ ಮೇಲೆ ಇಟ್ಟಾಗ ಫೋನು ಬೆಳಕು ಕಡಿಮೆ ಮಾಡಿ ಕಪ್ಪು ಪೊರೆಯನ್ನು ಇನ್ನಷ್ಟು ಕಪ್ಪಾಗಿಸಿತು. ರಟ್ಟಿನ ತುಂಡಿನ ಮೇಲೆ ಇಟ್ಟಾಗ ಅದರ ಸುಕ್ಕುಗಳೂ ಕಂಡವು.

ಅಂಗಡಿಯೊಳಗಿನ ಎಲ್‌ಇಡಿ ಬಲ್ಬಿನ ಕೆಳಗೆ ಚಿತ್ರದಲ್ಲಿ ಪಟ್ಟೆಗಳು ಓಡಾಡಿದವು. ನಮ್ಮ ಕರೆಂಟು 50 ಹರ್ಟ್ಸ್‌ನದು, ಕೆಲವು ಬಲ್ಬುಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಪ್ರೊ ಮೋಡ್ ಇರುವ ಫೋನಿನಲ್ಲಿ ಶಟರ್ 1/50 ಅಥವಾ 1/100 ಇಟ್ಟರೆ ಪಟ್ಟೆ ಹೋಗುತ್ತದೆ. ಇಲ್ಲದಿದ್ದರೆ ಬಲ್ಬು ಆರಿಸಿ, ಬಾಗಿಲ ಬಳಿ ಹಗಲ ಬೆಳಕಿನಲ್ಲಿ ಮೇಜು ಹಾಕುವುದೇ ಸುಲಭ. ಮೋಡದ ಬೆಳಕು ಇದಕ್ಕೆ ಬಹಳ ಒಳ್ಳೆಯದು, ಗಡುಸು ನೆರಳು ಬೀಳುವುದಿಲ್ಲ.

ಎಂಜಿನ್ ಸ್ಟಾರ್ಟ್ ಆಗುವ ದೃಶ್ಯವನ್ನು ಹೊರಗೆ, ಮೂರು ನಾಲ್ಕು ಮೀಟರ್ ದೂರದಿಂದ ತೆಗೆಯಬೇಕು. ಹತ್ತಿರದಿಂದ ತೆಗೆದರೆ ಫೋನಿನ ಮೈಕಿಗೆ ಆ ಸದ್ದು ತಾಳದು, ಒಡೆದ ತಗಡಿನ ಹಾಗೆ ಕೇಳುತ್ತದೆ. ಬ್ಲೇಡಿನ ಗಾರ್ಡ್ ಹಾಕಿರಬೇಕು, ಎಳೆಯುವವರ ಕಣ್ಣಿಗೆ ಕನ್ನಡಕ ಇರಬೇಕು, ಎದುರು ಯಾರೂ ನಿಂತಿರಬಾರದು. ನೋಡಿದವರು ಅದನ್ನೇ ಅನುಸರಿಸುತ್ತಾರೆ ಎಂಬುದನ್ನು ಮರೆಯಬಾರದು.

ಮಾತನ್ನು ಚಿತ್ರದ ಜೊತೆ ರೆಕಾರ್ಡ್ ಮಾಡಲಿಲ್ಲ. ಅಂಗಡಿಗೆ ಶೀಟಿನ ಮಾಡು. ಹನಿ ಬಿದ್ದರೂ ಮಾತು ಮುಳುಗುತ್ತದೆ. ಕಾರಿನೊಳಗೆ ಕೂತು, ಗಾಜು ಏರಿಸಿ, ಫೋನಿನ ವಾಯ್ಸ್ ರೆಕಾರ್ಡರಿನಲ್ಲಿ, ಬಾಯಿಂದ ಒಂದು ಗೇಣು ದೂರವಿಟ್ಟು ಹೇಳಿಸಲಾಯಿತು. ಮೆಕ್ಯಾನಿಕ್ ಕಾಗದ ನೋಡಿ ಓದಿದಾಗ ದನಿ ಬಿಗಿಯಾಗುತ್ತಿತ್ತು. ಒಂದೊಂದೇ ಸಾಲು ಕೇಳಿಸಿಕೊಂಡು, ಎದುರಿಗಿದ್ದವರಿಗೆ ಹೇಳುವಂತೆ ಹೇಳಿದಾಗ ಸಹಜವಾಯಿತು. ಇಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು ಮನೆಮಾತಾಗಿರುವ ಗಿರಾಕಿಗಳು ಬಹಳ. ಕನ್ನಡ ಎಲ್ಲರ ನಡುವಿನ ಮಾತು. "ತರೋಕೆ", "ಹೇಳ್ತೇವೆ" ಎಂಬ ಆಡುಮಾತು ಎಲ್ಲರಿಗೂ ಸಲ್ಲುತ್ತದೆ. "ಮಾಡಿಕೊಡಲಾಗುತ್ತದೆ" ನೋಟಿಸ್ ಬೋರ್ಡಿಗೆ ಸೇರಿದ್ದು.

ಜೋಡಿಸುವಾಗ

ಸದ್ದಿಲ್ಲದೆ ನೋಡುವವರಿಗಾಗಿ ಐದೂ ಮಾತುಗಳನ್ನು ಪರದೆಯ ಮೇಲೆ ಬರೆಯಬೇಕು: ಬಿಳಿ ಅಕ್ಷರ, ಕಪ್ಪು ಅಂಚು, ಒಂದು ಸಲಕ್ಕೆ ಎರಡೇ ಸಾಲು. ಕೆಲವು ಎಡಿಟಿಂಗ್ ಆ್ಯಪ್‌ಗಳ ಅಲಂಕಾರದ ಫಾಂಟುಗಳಲ್ಲಿ ಒತ್ತಕ್ಷರ ಒಡೆದು "ಗಟ್ಟಿ" ಎಂಬುದು "ಗಟ್‌ಟಿ" ಆಗುತ್ತದೆ. ಸಾದಾ ಫಾಂಟ್ ಆರಿಸಿ, ಪೂರ್ತಿ ಎಕ್ಸ್‌ಪೋರ್ಟ್ ಮಾಡಿದ ಮೇಲೆ ಇನ್ನೊಂದು ಫೋನಿನಲ್ಲಿ ಓದಿ ನೋಡಬೇಕು. ರೀಲ್‌ನಲ್ಲಿ ಪರದೆಯ ಕೆಳಗಿನ ಸುಮಾರು ಮೂರನೇ ಒಂದು ಭಾಗವನ್ನೂ ಬಲ ಅಂಚನ್ನೂ ಆ್ಯಪ್‌ನ ಗುರುತುಗಳು ಮುಚ್ಚುತ್ತವೆ. ನಂಬರನ್ನು ಅಲ್ಲಿಟ್ಟರೆ ಯಾರಿಗೂ ಕಾಣುವುದಿಲ್ಲ. ನಡುವಿಗಿಂತ ಸ್ವಲ್ಪ ಮೇಲಿಟ್ಟರೆ ಎಲ್ಲ ಕಡೆಯೂ ಕ್ಷೇಮ.

ಸಿನಿಮಾ ಹಾಡು ಹಾಕಲಿಲ್ಲ. ಹಕ್ಕಿನ ಕಾರಣಕ್ಕೆ ಸದ್ದು ಕಡಿತವಾದರೆ ಹಾಡಿನ ಜೊತೆ ಎಂಜಿನ್ನಿನ ಸದ್ದೂ ಹೋಗುತ್ತದೆ, ಈ ವಿಡಿಯೋದಲ್ಲಿ ಅದೇ ಸಾಕ್ಷಿ. ಫೈಲು 720×1280 ಅಳತೆಯಲ್ಲಿ, 2ರಿಂದ 3 ಎಂಬಿಪಿಎಸ್‌ನಲ್ಲಿ ಇದ್ದರೆ 7ರಿಂದ 11 ಎಂಬಿ ಒಳಗೆ ಮುಗಿಯುತ್ತದೆ. ತೋಟದೊಳಗೆ ನೆಟ್‌ವರ್ಕ್ ಸಿಗುವಷ್ಟರಲ್ಲೇ ಅದು ಇಳಿಯಬೇಕಲ್ಲ. ತಾನಾಗಿ ಡೌನ್‌ಲೋಡ್ ಆಗದಂತೆ ಇಟ್ಟುಕೊಂಡವರಿಗೆ ಕಾಣುವುದು ಮಸುಕಾದ ಮೊದಲ ಚಿತ್ರ ಮಾತ್ರ, ಆದ್ದರಿಂದ ಮೊದಲ ಫ್ರೇಮಿನಲ್ಲೇ ಹಗ್ಗ ಹಿಡಿದ ಕೈ ದೊಡ್ಡದಾಗಿ ಇರಬೇಕು.

ವಿಡಿಯೋಗಳು ಬರತೊಡಗಿದ ಮೇಲೆ

ಜಾಹೀರಾತು ಕೊಟ್ಟ ಮಾತನ್ನು ಉಳಿಸಿಕೊಳ್ಳುವುದು ಇಲ್ಲಿಂದ. ಮೊದಮೊದಲು ಬಂದ ವಿಡಿಯೋಗಳಲ್ಲಿ ಮೆಷಿನ್ ದೂರದಲ್ಲಿ ಕಾಣುತ್ತಿತ್ತು, ಅಂದಾಜು ಹೇಳುವುದಕ್ಕೆ ಏನೂ ಸಿಗುತ್ತಿರಲಿಲ್ಲ. ಹಾಗಾಗಿ ಉತ್ತರವಾಗಿ ಕಳಿಸಲು ಒಂದು ಸಿದ್ಧ ಸಂದೇಶ ಬರೆದಿಟ್ಟುಕೊಂಡರು: ಮೂರು ಸಲ ಹಗ್ಗ ಎಳೆಯಿರಿ, ಪ್ರೈಮರ್ ಬಲ್ಬನ್ನು ಐದಾರು ಸಲ ಒತ್ತಿ ತೋರಿಸಿ, ಮಾಡೆಲ್ ನಂಬರಿನ ಚೀಟಿಯ ಫೋಟೋ ತೆಗೆಯಿರಿ.

ಇಷ್ಟರಿಂದ ಬಹಳಷ್ಟು ತಿಳಿಯುತ್ತದೆ. ಬಲ್ಬು ಒತ್ತಿದರೂ ಪೆಟ್ರೋಲು ತುಂಬದಿದ್ದರೆ ಪೈಪು ಬಿರುಕು ಬಿಟ್ಟಿದೆ ಅಥವಾ ಟ್ಯಾಂಕಿನೊಳಗಿನ ಫಿಲ್ಟರ್ ಕಟ್ಟಿದೆ. ಚೋಕ್ ಹಾಕಿದಾಗ ಮಾತ್ರ ಓಡಿ, ತೆಗೆದರೆ ನಿಂತರೆ ಕಾರ್ಬುರೇಟರ್ ಕಟ್ಟಿಕೊಂಡಿದೆ, ಇಲ್ಲವೇ ಎಲ್ಲೋ ಗಾಳಿ ಸೇರುತ್ತಿದೆ. ಹಗ್ಗ ಅಲ್ಲಾಡದಿದ್ದರೆ ಪಿಸ್ಟನ್ ಹಿಡಿದಿರಬಹುದು. ಟೂ ಟಿ ಆಯಿಲ್ ಬೆರೆಸಲು ಮರೆತವರ ಮೆಷಿನ್‌ನಲ್ಲಿ ಇದು ಆಗುತ್ತದೆ. 50:1 ಹೇಳಿರುವ ಮೆಷಿನ್‌ಗೆ ಲೀಟರ್ ಪೆಟ್ರೋಲಿಗೆ 20 ಎಂಎಲ್, 25:1 ಆದರೆ 40 ಎಂಎಲ್ ಆಯಿಲ್ ಬೇಕು. ಹಗ್ಗ ತಡೆಯೇ ಇಲ್ಲದೆ ಸಲೀಸಾಗಿ ಬಂದರೆ ಕಂಪ್ರೆಷನ್ ಇಳಿದಿದೆ ಎಂಬ ಅನುಮಾನ, ಆದರೆ ಆ ಬಿಗಿ ಎಳೆಯುವ ಕೈಗೆ ತಿಳಿಯುವಷ್ಟು ಕಣ್ಣಿಗೆ ತಿಳಿಯುವುದಿಲ್ಲ. ಅದನ್ನು ಕೇಳಿಯೇ ತಿಳಿಯಬೇಕು. ಪ್ಲಗ್ಗಿನಲ್ಲಿ ಕಿಡಿ ಬರುತ್ತಿದೆಯೇ ಎಂದು ಬಿಚ್ಚಿ ತೋರಿಸಿ ಎಂದು ಮಾತ್ರ ಯಾರನ್ನೂ ಕೇಳಬಾರದು. ಪೆಟ್ರೋಲಿನ ಪಕ್ಕದಲ್ಲಿ ಆ ಪರೀಕ್ಷೆ ಮನೆಯವರು ಮಾಡುವಂಥದ್ದಲ್ಲ.

ದರ ಹೇಳುವಾಗ ಕೂಲಿ ಬೇರೆ, ಪಾರ್ಟ್ಸ್ ಬೇರೆ ಎಂದು ಎರಡು ಭಾಗವಾಗಿ ಬರೆದು ಕಳಿಸುತ್ತಾರೆ. ಬಿಚ್ಚಿದ ಮೇಲೆ ಪಾರ್ಟ್ಸ್ ಹೆಚ್ಚಾದರೆ, ಹಾಕುವ ಮೊದಲೇ ಫೋಟೋ ಕಳಿಸಿ ಒಪ್ಪಿಗೆ ಕೇಳುತ್ತಾರೆ.

ಈ ವಿಡಿಯೋ ಆಗಸ್ಟ್ ಕೊನೆಗೆ ಹಂಚಲು ಮಾಡಿದ್ದು. ಮುಂಗಾರಿಗೆ ಮುಂಚೆ, ಮೇ ತಿಂಗಳ ಕಾಡು ಕಡಿಯುವ ಕೆಲಸಕ್ಕೆ ಇದನ್ನೇ ಬಳಸಬೇಕೆಂದರೆ "ಮಳೆಗಾಲ ಪೂರ್ತಿ" ಹೊಂದುವುದಿಲ್ಲ. ಅಲ್ಲಿ "ತಿಂಗಳುಗಟ್ಟಲೆ" ಎಂದು ಹೇಳಿಸಿ ರೆಕಾರ್ಡ್ ಮಾಡಿಟ್ಟುಕೊಂಡಿದ್ದಾರೆ. ಅದೂ ಆರೇ ಅಕ್ಷರ, ಚಿತ್ರವನ್ನು ಮುಟ್ಟದೆ ಅದೇ ಜಾಗದಲ್ಲಿ ಕೂರುತ್ತದೆ. ಪರದೆಯ ಮೇಲಿನ ಬರಹವನ್ನು ಮಾತ್ರ ಮರೆಯದೆ ಬದಲಿಸಬೇಕು.